ಗಂಟು ಕರಗಿತು ಅಂತ ನಂಬಬೇಡಿ: ರಾತ್ರಿ ಬೆವರು, ಜ್ವರ, ತೂಕ ಇಳಿಕೆ ಇದ್ದವರಿಗೆ

ನನ್ನ ತಮ್ಮನಿಗೆ 24 ವರ್ಷ. ಸಂಜೆಯಾದರೆ ಜ್ವರ, ನಡುರಾತ್ರಿ ಬೆವರು. ಇದು ಸೆಕೆಯ ಬೆವರಲ್ಲ, ಎದ್ದು ಬಟ್ಟೆ, ಹಾಸಿಗೆಯ ಹೊದಿಕೆ ಎಲ್ಲ ಬದಲಾಯಿಸಬೇಕಾಗುವಂಥದ್ದು. ಕೆಲವೇ ತಿಂಗಳಲ್ಲಿ ತೂಕ 64 ಕೆಜಿಯಿಂದ 57ಕ್ಕೆ ಬಂತು. ಕತ್ತಿನ ಎಡಬದಿಯಲ್ಲಿ, ಕಾಲರ್ ಮೂಳೆಯ ಮೇಲೆ ಒಂದು ಗಂಟು. ಮುಟ್ಟಿದರೆ ರಬ್ಬರಿನ ಹಾಗೆ, ನೋವಿಲ್ಲ. ನೋವಿಲ್ಲ ಅಂತಲೇ ಮೊದಲು ನೋಡಿದ ವೈದ್ಯರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಲರ್ ಮೂಳೆಯ ಮೇಲಿನ ಗಂಟನ್ನು ಯಾವ ವಯಸ್ಸಿನವರಲ್ಲೂ ಹಗುರವಾಗಿ ನೋಡಬಾರದು. ನೋವಿಲ್ಲದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಬೇಕು.

ಮೊದಲು ಆ್ಯಂಟಿಬಯಾಟಿಕ್ ಕೊಟ್ಟರು, ಜ್ವರ ಬಿಡಲಿಲ್ಲ. ಆಮೇಲೆ ಗಂಟಿಗೆ ಸೂಜಿ ಚುಚ್ಚಿ ಎಫ್‌ಎನ್‌ಎಸಿ ಮಾಡಿದರು. ‘ರಿಯಾಕ್ಟಿವ್’ ಅಂತ ರಿಪೋರ್ಟ್ ಬಂತು, ಅಂದರೆ ಯಾವುದೋ ಸೋಂಕಿಗೆ ಊದಿಕೊಂಡಿದೆ, ಕ್ಯಾನ್ಸರ್ ಕಾಣಲಿಲ್ಲ ಅಂತ. ಅದನ್ನು ನೋಡಿ ಸ್ಟೀರಾಯ್ಡ್ ಮಾತ್ರೆ ಬರೆದರು. ನಮ್ಮ ಪಾಲಿಗೆ ಕೆಟ್ಟದ್ದು ಶುರುವಾಗಿದ್ದು ಅಲ್ಲಿಂದಲೇ. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಹಸಿವಾಯಿತು, ಗಂಟು ಅರ್ಧಕ್ಕರ್ಧ ಕುಗ್ಗಿತು. ಅಮ್ಮ ಹರಕೆ ತೀರಿಸೋಣ ಅಂದರು. ಮಾತ್ರೆ ನಿಲ್ಲಿಸಿದ ಮೇಲೆ ಎಲ್ಲವೂ ಮೊದಲಿನ ಹಾಗೇ ವಾಪಸ್ ಬಂತು, ಗಂಟು ಇನ್ನೂ ದೊಡ್ಡದಾಗಿ.

ಹೀಗೇಕಾಯಿತು ಅಂತ ಎರಡನೇ ಆಸ್ಪತ್ರೆಯ ರಕ್ತರೋಗ ತಜ್ಞರು ವಿವರಿಸಿದರು. ಲಿಂಫೋಮಾ ಅಂದರೆ ಲಿಂಫ್ ಗ್ರಂಥಿಯ ಕ್ಯಾನ್ಸರ್. ಸ್ಟೀರಾಯ್ಡ್ ಕೊಟ್ಟರೆ ಅದು ಸ್ವಲ್ಪ ಕಾಲ ಕುಗ್ಗುತ್ತದೆ, ವಾಸಿಯಾಗುವುದಿಲ್ಲ. ಆ ಹೊತ್ತಿನಲ್ಲಿ ಗಂಟಿನ ತುಂಡು ತೆಗೆದು ನೋಡಿದರೆ ರೋಗ ಗೊತ್ತೇ ಆಗದೆ ಹೋಗಬಹುದು. ಒಂದು ವೇಳೆ ಅದು ಟಿಬಿ ಆಗಿದ್ದರೆ, ಟಿಬಿ ಔಷಧಿ ಇಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡುವ ಭಯ. ಎರಡೂ ಕಡೆ ನಷ್ಟ. ಲಿವೊಫ್ಲಾಕ್ಸಸಿನ್ ಥರದ ಆ್ಯಂಟಿಬಯಾಟಿಕ್‌ಗಳೂ ಟಿಬಿಯನ್ನು ಸ್ವಲ್ಪ ದಿನ ಅಡಗಿಸಿಡುತ್ತವೆ, ಆದ್ದರಿಂದ ಜ್ವರ ಇಳಿದಿದ್ದೇ ಉತ್ತರ ಅಂದುಕೊಳ್ಳುವ ಹಾಗಿಲ್ಲ.

ಸೂಜಿ ಪರೀಕ್ಷೆ ಸುಳ್ಳು ಹೇಳಿತಾ? ಹಾಗೇನಿಲ್ಲ, ಅದರ ಕೈಲಿ ಆಗುವುದೇ ಅಷ್ಟು. ಯುವಕರಲ್ಲಿ ಹೆಚ್ಚಾಗಿ ಕಾಣುವ ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಗಂಟಿನ ತುಂಬ ಇರುವುದು ಮಾಮೂಲಿ ಉರಿಯೂತದ ಕೋಶಗಳೇ. ನಿಜವಾದ ಕ್ಯಾನ್ಸರ್ ಕೋಶಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದು. ಸೂಜಿಗೆ ಅವು ಸಿಗದೇ ಹೋಗುವುದು ಆಶ್ಚರ್ಯವಲ್ಲ. ಕೆಲವೊಮ್ಮೆ ಟಿಬಿಯಲ್ಲಿ ಕಾಣುವಂಥ ಗ್ರಾನ್ಯುಲೋಮಾ, ಅಂದರೆ ಉರಿಯೂತದ ಕೋಶಗಳ ಸಣ್ಣ ಗುಂಪು, ಇದರಲ್ಲೂ ಕಾಣುತ್ತದೆ. ಅಷ್ಟು ನೋಡಿ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದವರೂ ಇದ್ದಾರೆ. ಅದಕ್ಕೇ ಇಡೀ ಗ್ರಂಥಿಯನ್ನೇ ತೆಗೆದು ನೋಡುವ ಎಕ್ಸಿಷನ್ ಬಯಾಪ್ಸಿ ಬೇಕು.

ಬಯಾಪ್ಸಿಗೆ ಮೊದಲೇ ಸರ್ಜನ್‌ಗೆ ಒಂದು ಮಾತು ಕೇಳಿ: ‘ಒಂದು ಭಾಗವನ್ನು ಸಲೈನ್‌ನಲ್ಲಿ ಕಳಿಸುತ್ತೀರಾ?’ ಸಾಮಾನ್ಯವಾಗಿ ತುಂಡು ಪೂರ್ತಿ ಫಾರ್ಮಾಲಿನ್ ಡಬ್ಬಿಗೆ ಹೋಗುತ್ತದೆ. ಫಾರ್ಮಾಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಮೇಲೆ ಟಿಬಿ ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಆಗುವುದೇ ಇಲ್ಲ. ತಮ್ಮನ ಗ್ರಂಥಿಯ ಒಂದು ಭಾಗ ಸಲೈನ್‌ನಲ್ಲಿ, ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಮತ್ತು ಕಲ್ಚರ್‌ಗೆ ಹೋಯಿತು, ಇನ್ನೊಂದು ಭಾಗ ಫಾರ್ಮಾಲಿನ್‌ನಲ್ಲಿ ಪೆಥಾಲಜಿಗೆ. ಜೀನ್‌ಎಕ್ಸ್‌ಪರ್ಟ್‌ನಲ್ಲಿ ಟಿಬಿ ಸಿಗಲಿಲ್ಲ. ಎಚ್‌ಐವಿ ನೆಗೆಟಿವ್. ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡುವ ಸ್ಮಿಯರ್‌ನಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್‌ನ, ಕೋಶಗಳಿರಲಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಮಧ್ಯಭಾಗ ಅಗಲವಾಗಿತ್ತು, ಅಂದರೆ ಅಲ್ಲೂ ಗಂಟುಗಳಿರುವ ಅನುಮಾನ. ಪೆಥಾಲಜಿ ಹೇಳಿದ್ದು ಹಾಡ್ಜ್‌ಕಿನ್ ಲಿಂಫೋಮಾ. ಕಲ್ಚರ್ ಉತ್ತರ ಬರಲು ವಾರಗಳೇ ಬೇಕಾದವು, ಅದೂ ನೆಗೆಟಿವ್.

ಹಾಗಂತ ಈ ಲಕ್ಷಣ ಇದ್ದವರಿಗೆಲ್ಲ ಕ್ಯಾನ್ಸರ್ ಅಂತಲ್ಲ. ಟಿಬಿ ಆಗಿರಬಹುದು, ಎಚ್‌ಐವಿ ಆಗಿರಬಹುದು. ಹೃದಯದ ಕವಾಟದ ಸೋಂಕೂ ಹೀಗೇ ಶುರುವಾಗುತ್ತದೆ. ಅದರ ಅನುಮಾನವಿದ್ದರೆ ಆ್ಯಂಟಿಬಯಾಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್ ತೆಗೆಯಬೇಕು. ಮುಖ ಬಿಳಿಚಿಕೊಂಡು ಒಸಡಿನಲ್ಲಿ ರಕ್ತ, ಮೈಮೇಲೆ ಸುಮ್ನೆ ಸುಮ್ನೆ ನೀಲಿ ಕಲೆ ಕಂಡರೆ ಲ್ಯುಕೇಮಿಯಾದ ಅನುಮಾನ, ಅವತ್ತೇ ರಕ್ತದ ಕೌಂಟ್ ಮತ್ತು ಸ್ಮಿಯರ್ ಮಾಡಿಸಿ.

ವೈದ್ಯರ ಹತ್ತಿರ ಹೋಗುವಾಗ ‘ಸಣ್ಣ ಆಗಿದ್ದೇನೆ’ ಅನ್ನಬೇಡಿ, ಲೆಕ್ಕ ಕೊಡಿ. ಆರು ತಿಂಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ತೂಕ ಇಳಿಕೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಬಟ್ಟೆ ಒದ್ದೆಯಾಗುವ ರಾತ್ರಿ ಬೆವರು: ಲಿಂಫೋಮಾದಲ್ಲಿ ತಜ್ಞರು ಕೇಳುವುದು ಇವನ್ನೇ. ತಮ್ಮನ 7 ಕೆಜಿ ಅಂದರೆ ಸುಮಾರು ಶೇ. 11. ಮಲಗಿದರೆ ಉಸಿರು ಕಟ್ಟುವುದು, ಮುಖ ಮತ್ತು ಕುತ್ತಿಗೆ ಊದಿಕೊಳ್ಳುವುದು ಕಂಡರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಎದೆಯೊಳಗಿನ ಗಡ್ಡೆ ದೊಡ್ಡ ರಕ್ತನಾಳವನ್ನು ಒತ್ತುತ್ತಿರಬಹುದು, ನೇರ ಎಮರ್ಜೆನ್ಸಿಗೆ ಹೋಗಿ.