ಫೋಟೊದಿಂದ ಗ್ರಾಫ್ ಬಿಡಿಸುವ ಆ್ಯಪ್: ಗೆರೆಗಳು ಸರಿ, ಯಾವ ಬದಿ ಎಂಬುದನ್ನು ನೀವೇ ನೋಡಿಕೊಳ್ಳಿ

ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕದ ಫೋಟೊ ಹೊಡೆದರೆ ಗ್ರಾಫ್ ಬಿಡಿಸಿ, ಫೀಸಿಬಲ್ ರೀಜನ್‌ಗೆ ಬಣ್ಣ ತುಂಬಿ, ಯಾವ ಮೂಲೆಯಲ್ಲಿ ಉತ್ತರ ಇದೆ ಎಂದು ತೋರಿಸುವ ಆ್ಯಪ್ ಇದು. ನಾನು ಗಣಿತ ಪಾಠ ಹೇಳುವವಳು. ಈ ಅಧ್ಯಾಯ ಬಂದಾಗಲೆಲ್ಲ ಇದನ್ನು ಬಳಸುತ್ತ ಬಂದಿದ್ದೇನೆ. ಏನೇನು ಸೌಲಭ್ಯ ಇದೆ ಎಂಬ ಪಟ್ಟಿ ಡೌನ್‌ಲೋಡ್ ಪುಟದಲ್ಲೇ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕೂತದ್ದು ಒಂದೇ ಒಂದು ದೋಷದ ಬಗ್ಗೆ. ತಪ್ಪು ಉತ್ತರವನ್ನು ಸರಿ ಉತ್ತರಕ್ಕಿಂತ ಚೆಂದವಾಗಿ ತೋರಿಸುವ ದೋಷ ಅದು.

ಮೊದಲು ನನ್ನ ದಿನಚರಿ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ಪೂರ್ತಿ ಬಿಚ್ಚಿ, ನಡುವಿನ ಮಡಿಕೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡುತ್ತೇನೆ. ಬೆಳಕು ಎಡಗಡೆಯಿಂದ ಬರುವಂತೆ ಕೂರುತ್ತೇನೆ, ಇಲ್ಲದಿದ್ದರೆ ಫೋನ್ ಹಿಡಿದ ಕೈಯ ನೆರಳೇ ಲೆಕ್ಕದ ಮೇಲೆ ಬೀಳುತ್ತದೆ. ಚೌಕಟ್ಟನ್ನು ಎಳೆದು ಅಸಮತೆಗಳಷ್ಟೇ ಒಳಗೆ ಬರುವಂತೆ ಕತ್ತರಿಸುತ್ತೇನೆ. ಪಕ್ಕದ ಲೆಕ್ಕದ ಸಂಖ್ಯೆ ಒಳಗೆ ಬಂದರೆ ಆ್ಯಪ್ ಅದನ್ನೂ ಗುಣಾಂಕ ಎಂದು ಓದಿಬಿಡುತ್ತದೆ. ಕೈಬರಹವಾದರೆ ಗೆರೆ ಇಲ್ಲದ ಬಿಳಿ ಹಾಳೆಯಲ್ಲೇ ಬರೆಸುತ್ತೇನೆ. ಗೆರೆ ಇರುವ ನೋಟ್‌ಬುಕ್ಕಿನಲ್ಲಿ ≥ ಚಿಹ್ನೆಯ ಕೆಳಗಿನ ಅಡ್ಡಗೀಟು ಹಾಳೆಯ ಗೆರೆಯೊಳಗೆ ಸೇರಿಹೋಗುತ್ತದೆ, ಆ್ಯಪ್‌ಗೆ ಕಾಣುವುದು ಬರೀ >. ಆಗ ಅಂಚು ಚುಕ್ಕೆಗೆರೆಯಾಗುತ್ತದೆ, ಮೂಲೆಯೂ ಪ್ರದೇಶದಿಂದ ಹೊರಗೆ ಬೀಳುತ್ತದೆ. ಚುಕ್ಕೆಗೆರೆ ಕಂಡ ತಕ್ಷಣ ಇನ್ನೊಮ್ಮೆ ಫೋಟೊ ತೆಗೆಯಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆಲ್ಲ ಈಗ ಗೊತ್ತು. ಅದು ಸಣ್ಣ ವಿಷಯ, ಕಣ್ಣಿಗೆ ಬೀಳುವ ತಪ್ಪು.

ನನ್ನ ತಕರಾರು ಕಣ್ಣಿಗೆ ಬೀಳದ ತಪ್ಪಿನ ಬಗ್ಗೆ.

ಎರಡು ಬಗೆಯ ಮೇವಿನ ಮಿಶ್ರಣ ಬೆರೆಸುವ ಲೆಕ್ಕ ಒಂದನ್ನು ತೆಗೆದುಕೊಳ್ಳಿ. ಮೊದಲನೆಯದು x ಕಿಲೊ, ಎರಡನೆಯದು y ಕಿಲೊ. ಮೂರು ಪೋಷಕಾಂಶಗಳು ಕನಿಷ್ಠ 9, 7 ಮತ್ತು 8 ಘಟಕ ಸಿಗಬೇಕು. ಕಿಲೊಗೆ ಬೆಲೆ ಕ್ರಮವಾಗಿ 5 ಮತ್ತು 4. ಒಟ್ಟು ಖರ್ಚು ಆದಷ್ಟು ಕಡಿಮೆ ಇರಬೇಕು. ಹಾಳೆಯ ಮೇಲೆ ಇದ್ದದ್ದು ಇಷ್ಟು:

```
Z = 5x + 4y  (min)
3x + y ≥ 9
x + y ≥ 7
x + 2y ≥ 8
x ≥ 0, y ≥ 0
```

ಪುಟದ ಮಡಿಕೆಯ ನೆರಳು ಎರಡನೆಯ ಸಾಲಿನ ಚಿಹ್ನೆಯ ಮೇಲೆ ಬಿದ್ದಿತ್ತು. ಆ್ಯಪ್ ಅದನ್ನು x + y ≤ 7 ಎಂದು ಓದಿತು. ಮೂರು ಗೆರೆಗಳೂ ಇರಬೇಕಾದ ಜಾಗದಲ್ಲೇ ಬಂದವು, ಏಕೆಂದರೆ ಚಿಹ್ನೆ ಯಾವುದಾದರೂ ಗೆರೆ ಮಾತ್ರ x + y = 7 ತಾನೇ. ಬದಲಾದದ್ದು ಬಣ್ಣ ತುಂಬಿದ ಬದಿ ಮಾತ್ರ. ಪರದೆಯ ಮೇಲೆ ಮೂರು ಗೆರೆಗಳ ನಡುವೆ ಅಚ್ಚುಕಟ್ಟಾದ ಒಂದು ತ್ರಿಕೋನ ಮೂಡಿತು. ಅದರ ಮೂಲೆಗಳು (1, 6), (6, 1), (2, 3). Z ಬೆಲೆ ಕ್ರಮವಾಗಿ 29, 34, 22. ಉತ್ತರ (2, 3), ಕನಿಷ್ಠ ಖರ್ಚು 22 ಎಂದು ಹಸಿರು ಬಣ್ಣದಲ್ಲಿ ತೋರಿಸಿತು, ಪಕ್ಕದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಗುರುತು ಬೇರೆ.

ಎಲ್ಲವೂ ಪೂರ್ಣಾಂಕ, ಪ್ರದೇಶ ಮುಚ್ಚಿದೆ, ಮೂಲೆಗಳು ಸ್ಪಷ್ಟವಾಗಿವೆ. ಇದನ್ನು ನೋಡಿದ ವಿದ್ಯಾರ್ಥಿಗೆ ಅನುಮಾನ ಬರಲು ಕಾರಣವೇ ಇಲ್ಲ. ಆದರೆ (2, 3) ಅನ್ನು ಹಾಳೆಯ ಮೇಲಿನ ಎರಡನೆಯ ಸಾಲಿಗೆ ಹಾಕಿ ನೋಡಿ: 2 + 3 = 5, ಬೇಕಾದದ್ದು 7. ಎರಡನೆಯ ಪೋಷಕಾಂಶ ಎರಡು ಘಟಕ ಕಡಿಮೆ ಬಿತ್ತು. ಖರ್ಚು 22ಕ್ಕೆ ಇಳಿದದ್ದು ಅದಕ್ಕೇ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆ ಹಸಿರು ಗುರುತಿನ ಬಗ್ಗೆ. ಆ್ಯಪ್ ಪರಿಶೀಲಿಸುವುದು ತಾನು ಓದಿಕೊಂಡ ಅಸಮತೆಗಳ ಎದುರಿಗೆ. ಹಾಳೆಯ ಮೇಲೆ ಏನಿತ್ತು ಎಂಬುದು ಅದಕ್ಕೆ ಗೊತ್ತೇ ಇಲ್ಲ. ತಪ್ಪು ಓದಿದ್ದನ್ನು ತಪ್ಪು ಓದಿದ್ದರ ಜೊತೆಗೇ ಹೋಲಿಸಿದರೆ ಯಾವಾಗಲೂ ಸರಿ ಎಂದೇ ಬರುತ್ತದೆ. ಆ ಪದವನ್ನು ಅಲ್ಲಿ ಬಳಸಬಾರದು. ತಯಾರಕರಿಗೆ ಬರೆದೆ, ಉತ್ತರ ಬಂದಿಲ್ಲ.

ಹಾಗಾದರೆ ಪರದೆಯನ್ನು ನೋಡಿಯೇ ಇದನ್ನು ಹಿಡಿಯಲು ಆಗುವುದಿಲ್ಲವೇ? ಆಗುತ್ತದೆ, ಬಹಳ ಸುಲಭವಾಗಿ. ಈ ಲೆಕ್ಕದಲ್ಲಿ ಎಲ್ಲ ನಿರ್ಬಂಧಗಳೂ ‘ಕನಿಷ್ಠ ಇಷ್ಟು ಬೇಕು’ ಎನ್ನುವಂಥವು, ಗುಣಾಂಕಗಳೆಲ್ಲ ಧನ ಸಂಖ್ಯೆಗಳು. ಒಂದು ಬಿಂದು ನಿರ್ಬಂಧಗಳನ್ನು ಪಾಲಿಸುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ x ಹೆಚ್ಚಿಸಿದರೂ y ಹೆಚ್ಚಿಸಿದರೂ ಪೋಷಕಾಂಶ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಂದರೆ ಬಲಕ್ಕೂ ಮೇಲಕ್ಕೂ ಎಷ್ಟು ದೂರ ಹೋದರೂ ನಾವು ಪ್ರದೇಶದ ಒಳಗೇ ಇರುತ್ತೇವೆ. ಇಂಥ ಲೆಕ್ಕದ ಪ್ರದೇಶ ಮೇಲೆ ಬಲಕ್ಕೆ ತೆರೆದೇ ಇರಬೇಕು, ಎಂದಿಗೂ ಮುಚ್ಚಿಕೊಳ್ಳಲು ಸಾಧ್ಯವಿಲ್ಲ. ತ್ರಿಕೋನ ಕಂಡಿತೆಂದರೆ ಎಲ್ಲೋ ಒಂದು ಚಿಹ್ನೆ ತಿರುಗಿದೆ ಎಂದೇ ಅರ್ಥ. ಇನ್ನೂ ನೇರವಾದ ದಾರಿ ಮೂಲಬಿಂದುವಿನ ಪರೀಕ್ಷೆ. (0, 0) ಹಾಕಿದರೆ ಮೂರೂ ಸಾಲು ಸುಳ್ಳಾಗುತ್ತವೆ, ಹಾಗಾಗಿ ಬಣ್ಣ ಮೂರೂ ಗೆರೆಗಳಿಗೆ ಮೂಲಬಿಂದು ಇಲ್ಲದ ಬದಿಯಲ್ಲಿ ಇರಬೇಕು. ಯಾವ ಗೆರೆಗೆ ಬಣ್ಣ ಮೂಲಬಿಂದುವಿನ ಕಡೆ ಬಂದಿದೆಯೋ ಆ ಸಾಲನ್ನು ಆ್ಯಪ್ ತಪ್ಪು ಓದಿದೆ.

ಚಿಹ್ನೆಯನ್ನು ಬೆರಳಿನಿಂದ ಒತ್ತಿ ತಿದ್ದಲು ಅವಕಾಶ ಕೊಟ್ಟಿದ್ದಾರೆ, ಅದಕ್ಕೆ ಧನ್ಯವಾದ. ತಿದ್ದಿದ ಮೇಲೆ ತ್ರಿಕೋನ ಮಾಯವಾಗಿ ಸರಿಯಾದ ಚಿತ್ರ ಬಂತು. (0, 9) ಇಂದ (1, 6)ಗೆ, ಅಲ್ಲಿಂದ (6, 1)ಗೆ, ಅಲ್ಲಿಂದ (8, 0)ಗೆ ಇಳಿಯುವ ಅಂಚು, ಅದರಿಂದಾಚೆಗೆ ಎಲ್ಲ ಬಣ್ಣ. Z ಬೆಲೆಗಳು 36, 29, 34, 40. ಕನಿಷ್ಠ 29, (1, 6)ರಲ್ಲಿ. (2, 3) ಈಗಲೂ ಎರಡು ಗೆರೆಗಳು ಸೇರುವ ಜಾಗವೇ, ಆದರೆ ಪ್ರದೇಶದ ಹೊರಗಿದೆ. ಗೆರೆಗಳು ಸೇರುವಲ್ಲೆಲ್ಲ ಮೂಲೆ ಇರುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈಗ ಪ್ರತಿ ತಂಡಕ್ಕೂ ಇದೇ ಲೆಕ್ಕ ಕೊಡುತ್ತೇನೆ.

ಇಲ್ಲಿಂದ ಮುಂದೆ ನನ್ನ ಮನಸ್ಸು ಸ್ವಲ್ಪ ಮೆತ್ತಗಾಗುತ್ತದೆ. ಗ್ರಾಫಿನ ಕೆಳಗೆ ಒಂದು ಜಾರುಗುಂಡಿ ಇದೆ, ಜಾಹೀರಾತಿನಲ್ಲಿ ಅದರ ಹೆಸರೂ ಇಲ್ಲ. ಅದನ್ನು ಸರಿಸಿದರೆ 5x + 4y = k ಎಂಬ ಗೆರೆ ತನ್ನ ಓರೆಯನ್ನು ಹಾಗೇ ಉಳಿಸಿಕೊಂಡು ಹಾಳೆಯ ಮೇಲೆ ಸರಿಯುತ್ತದೆ. k ಸಣ್ಣದಿದ್ದಾಗ ಗೆರೆ ಮೂಲಬಿಂದುವಿನ ಹತ್ತಿರ ಇರುತ್ತದೆ. 22ಕ್ಕೆ ಬಂದಾಗ (2, 3)ನ್ನು ದಾಟುತ್ತದೆ, ಆದರೆ ಬಣ್ಣ ಇನ್ನೂ ದೂರ. 29 ಆದಾಗ ಮೊದಲ ಬಾರಿಗೆ ಬಣ್ಣವನ್ನು ಮುಟ್ಟುತ್ತದೆ, ಅದೂ (1, 6) ಎಂಬ ಒಂದೇ ಬಿಂದುವಿನಲ್ಲಿ. ಉತ್ತರ ಯಾಕೆ ಮೂಲೆಯಲ್ಲೇ ಸಿಗುತ್ತದೆ ಎಂದು ಕೇಳುವ ಮಕ್ಕಳಿಗೆ ನಾನು ಮಾತಿನಲ್ಲಿ ಹೇಳುವುದನ್ನೇ ಬಿಟ್ಟಿದ್ದೇನೆ. ಫೋನ್ ಅವರ ಕೈಗೆ ಕೊಟ್ಟು ಗುಂಡಿ ಸರಿಸಲು ಹೇಳುತ್ತೇನೆ. ಗೆರೆ ಮುಟ್ಟುವ ಆ ಕ್ಷಣದಲ್ಲಿ ಅವರೇ ನಿಲ್ಲಿಸುತ್ತಾರೆ.

ತೆರೆದ ಪ್ರದೇಶದಲ್ಲಿ ಕನಿಷ್ಠ ಬೆಲೆಯನ್ನು ಕೋಷ್ಟಕದಿಂದ ಆರಿಸಿ ಸುಮ್ಮನಿರಬಾರದು, 5x + 4y < 29 ಎಂಬ ಬದಿಗೂ ಪ್ರದೇಶಕ್ಕೂ ಸಾಮಾನ್ಯ ಬಿಂದು ಇಲ್ಲ ಎಂದು ತೋರಿಸಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಆ್ಯಪ್ ಆ ಸಾಲನ್ನು ಬರೆಯುವುದಿಲ್ಲ, ಆದರೆ ಜಾರುಗುಂಡಿಯಲ್ಲಿ 29ಕ್ಕಿಂತ ಕೆಳಗೆ ಎಲ್ಲೂ ಗೆರೆ ಬಣ್ಣ ಮುಟ್ಟುವುದಿಲ್ಲ ಎಂದು ಕಣ್ಣಾರೆ ಕಾಣುತ್ತದೆ. ಬರೆಯುವ ಕೆಲಸ ವಿದ್ಯಾರ್ಥಿಯದು, ಅದು ಹಾಗೇ ಇರಲಿ.

ಆದರೆ ಇದೇ ಲೆಕ್ಕದಲ್ಲಿ ಕನಿಷ್ಠದ ಬದಲು ಗರಿಷ್ಠ ಎಂದು ಕೇಳಿ ನೋಡಿದೆ. ಕೋಷ್ಟಕದಲ್ಲಿ ದೊಡ್ಡ ಸಂಖ್ಯೆ 40, ಹಾಗಾಗಿ ಗರಿಷ್ಠ 40, (8, 0)ರಲ್ಲಿ ಎಂದಿತು. (10, 10) ಕೂಡ ಪ್ರದೇಶದೊಳಗಿನ ಬಿಂದು, ಅಲ್ಲಿ Z ಬೆಲೆ 90. ಇಲ್ಲಿ ಗರಿಷ್ಠವೇ ಇಲ್ಲ, ಗೆರೆಯನ್ನು ಎಷ್ಟು ಸರಿಸಿದರೂ ಬಣ್ಣ ಬಿಟ್ಟು ಹೋಗುವುದಿಲ್ಲ. ಜಾರುಗುಂಡಿಗೆ ತಿಳಿದದ್ದು ಅದೇ ಆ್ಯಪಿನ ಉತ್ತರದ ಸಾಲಿಗೆ ತಿಳಿಯದೆ ಹೋದದ್ದು ನನಗೆ ಬೇಸರ ತಂದಿತು. ಮೂಲೆಗಳ ಕೋಷ್ಟಕ ಮಾತ್ರ ನೋಡಿ ಉತ್ತರ ಹೇಳುವುದು ಪ್ರದೇಶ ಮುಚ್ಚಿದ್ದಾಗ ಮಾತ್ರ ನಡೆಯುತ್ತದೆ.

ಬೆಲೆ 5 ಮತ್ತು 4ರ ಬದಲು ಎರಡೂ 4 ಎಂದು ಹಾಕಿದರೂ ಹೀಗೇ ಒಂದು ಕೊರತೆ. ಆಗ (1, 6) ಮತ್ತು (6, 1) ಎರಡರಲ್ಲೂ 28 ಬರುತ್ತದೆ, ಇವೆರಡನ್ನು ಜೋಡಿಸುವ ಅಂಚಿನ ಎಲ್ಲ ಬಿಂದುಗಳೂ ಉತ್ತರವೇ. ಆ್ಯಪ್ ಮೊದಲ ಮೂಲೆಯನ್ನು ಮಾತ್ರ ಹಸಿರು ಮಾಡಿ ಸುಮ್ಮನಾಗುತ್ತದೆ. ಗುಂಡಿ ಸರಿಸಿದರೆ 28ರಲ್ಲಿ ಗೆರೆ ಇಡೀ ಅಂಚಿನ ಮೇಲೆ ಕೂತುಕೊಳ್ಳುವುದು ಕಾಣುತ್ತದೆ.

ಹಣ ಕೊಡುವ ಆವೃತ್ತಿಯನ್ನು ಒಂದು ವರ್ಷಕ್ಕೆ ತೆಗೆದುಕೊಂಡಿದ್ದೆ. ಅದರಲ್ಲಿ ಹೆಚ್ಚುವರಿಯಾಗಿ ಸಿಗುವುದು ಹಂತ ಹಂತದ ವಿವರಣೆ, ಅದರಲ್ಲೂ ಉತ್ತರ ಆರಿಸುವ ಕ್ರಮ ಮೇಲೆ ಹೇಳಿದ ಹಾಗೇ ಇದೆ. ಈ ವರ್ಷ ನವೀಕರಿಸಿಲ್ಲ. ಜಾರುಗುಂಡಿ ಉಚಿತ ಆವೃತ್ತಿಯಲ್ಲೇ ಇದೆ, ನನಗೆ ಬೇಕಾದದ್ದು ಅದು. ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಓದಿಕೊಂಡ ಅಸಮತೆಗಳನ್ನು ಗ್ರಾಫಿಗೆ ಮೊದಲೇ ದೊಡ್ಡ ಅಕ್ಷರದಲ್ಲಿ ತೋರಿಸಿ, ‘ಹಾಳೆಯಲ್ಲಿ ಇರುವುದು ಇದೇ ತಾನೇ?’ ಎಂದು ಕೇಳಿ ಆಮೇಲೆ ಬಣ್ಣ ತುಂಬುವ ಹಾಗೆ ಮಾಡಿದರೆ ನಾಲ್ಕಕ್ಕೆ ಏರಿಸುತ್ತೇನೆ.