ಮುಂದಿನ ಶುಕ್ರವಾರ ಎಂದು? ಎಣಿಸುವುದೋ, ಶೇಷ ತೆಗೆಯುವುದೋ

ಒಂದೊಂದೇ ದಿನ ಕೂಡಿಸುತ್ತಾ ಬೇಕಾದ ವಾರ ಬಂದಾಗ ನಿಲ್ಲುವುದು ಒಂದು ದಾರಿ. ಹೆಚ್ಚೆಂದರೆ ಏಳು ಸುತ್ತು. ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ. ಒಂದೆರಡು ದಿನಾಂಕಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಸಾವಿರಾರು ಸಾಲುಗಳಿದ್ದರೆ ಸೂತ್ರವೇ ಹಗುರ:

```
d = (t - w + 6) % 7 + 1
```

`w` ಕೊಟ್ಟ ದಿನದ ವಾರಸಂಖ್ಯೆ, `t` ಬೇಕಾದದ್ದು, `d` ಕೂಡಿಸಬೇಕಾದ ದಿನಗಳು. ಸೋಮವಾರ 0, ಭಾನುವಾರ 6. 2025ರ ಆಗಸ್ಟ್ 16 ಶನಿವಾರ, ಅಂದರೆ 5, ಶುಕ್ರವಾರ 4. ಉತ್ತರ 6, ಹಾಗಾಗಿ ಆಗಸ್ಟ್ 22.

ಸೂತ್ರದಲ್ಲಿನ 6 ಅಲಂಕಾರಕ್ಕಲ್ಲ. ಬರೀ `(t - w) % 7` ಎಂದು ಬರೆದರೆ ಪೈಥಾನ್ 6 ಕೊಡುತ್ತದೆ, ಜಾವಾಸ್ಕ್ರಿಪ್ಟ್ -1 ಕೊಟ್ಟು ನಿಮ್ಮನ್ನು ನಿನ್ನೆಗೆ ತಳ್ಳುತ್ತದೆ. ಕೊಟ್ಟ ದಿನವೇ ಶುಕ್ರವಾರವಾದರೆ ಮೇಲಿನ ಸೂತ್ರ ಏಳು ದಿನ ಮುಂದೆ ಹೋಗುತ್ತದೆ. ಅದೇ ದಿನ ಸಾಕಿದ್ದರೆ `(t - w + 7) % 7` ಬಳಸಿ.