ಕೀಪ್ಯಾಡ್ ಫೋನಿನಲ್ಲಿ *99#: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಇಂಟರ್ನೆಟ್ ಇಲ್ಲದೆ ಬರೀ ಡಯಲ್ ಮಾಡಿ ಬ್ಯಾಂಕ್ ಖಾತೆ ಬಳಸುವ *99# ಸೇವೆಯನ್ನು ಬ್ಯಾಲೆನ್ಸ್ ನೋಡುವುದಕ್ಕೆ ಕಣ್ಣುಮುಚ್ಚಿ ನಂಬಬಹುದು. ಹಣ ಕಳಿಸುವುದಕ್ಕೂ ಸಾಕು, ಆದರೆ ಪಿನ್ ಒತ್ತಿದ ಮೇಲೆ ಸಂಪರ್ಕ ಕಡಿದರೆ ಏನು ಮಾಡಬೇಕೆಂದು ಮೊದಲೇ ತಿಳಿದಿರಬೇಕು.

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದಲೇ ಡಯಲ್ ಮಾಡಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಇನ್ನೊಂದು ಸಿಮ್‌ನಿಂದ ಹೋದರೆ ಖಾತೆಯೇ ಸಿಗುವುದಿಲ್ಲ. ಮೊದಲ ಸಲ ಬ್ಯಾಂಕಿನ ಹೆಸರು ಅಥವಾ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಕೊಟ್ಟು ಖಾತೆ ಆರಿಸಬೇಕು. ಪಿನ್ ಹೊಸದಾಗಿ ಮಾಡಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು-ವರ್ಷ ಕೇಳುತ್ತದೆ. ಇದು ಯುಪಿಐ ಪಿನ್, ಎಟಿಎಂ ಪಿನ್ ಅಲ್ಲ. ಕನ್ನಡದ ಮೆನು ಬೇಕಿದ್ದರೆ *99*26#. ಫೋನಿನಲ್ಲಿ ಕನ್ನಡ ಲಿಪಿ ಇಲ್ಲದಿದ್ದರೆ ಬರೀ ಚೌಕಗಳು ಕಾಣಿಸುತ್ತವೆ, ಆಗ ಇಂಗ್ಲಿಷ್ ಮೆನುವೇ ಗತಿ.

ಮೆನುವಿನಲ್ಲಿ 3 ಒತ್ತಿ ಪಿನ್ ಕೊಟ್ಟರೆ ಬ್ಯಾಲೆನ್ಸ್ ಬರುತ್ತದೆ. ಒತ್ತಿದ ಪಿನ್ ತೆರೆಯ ಮೇಲೆ ಅಂಕಿಗಳಾಗಿಯೇ ಕಾಣಬಹುದು, ಹಾಗಾಗಿ ಪಕ್ಕದಲ್ಲಿ ಜನರಿದ್ದರೆ ಫೋನ್ ಮರೆಮಾಡಿಕೊಳ್ಳಿ.

350 ರೂಪಾಯಿ ಕಳಿಸಬೇಕೆಂದುಕೊಳ್ಳಿ. 1 ಒತ್ತಿ, ಮೊಬೈಲ್ ನಂಬರ್ ಮೂಲಕ ಎಂಬುದನ್ನು ಆರಿಸಿ. ಕೀಪ್ಯಾಡಿನಲ್ಲಿ ಯುಪಿಐ ಐಡಿಯ @ ಹುಡುಕುತ್ತ ಕೂತರೆ ಸಮಯ ಮುಗಿದುಹೋಗುತ್ತದೆ. ನಂಬರ್ ಹಾಕಿದ ಮೇಲೆ ಪಡೆಯುವವರ ಹೆಸರು ಬರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಆಮೇಲೆ ಮೊತ್ತ, ಕೊನೆಗೆ ಪಿನ್. ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಪ್ರತಿ ತೆರೆಗೂ ಉತ್ತರ ಬೇಗ ಕೊಡಬೇಕು, ಆದ್ದರಿಂದ ನಂಬರನ್ನೂ ಮೊತ್ತವನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡರೆ ಅರ್ಧ ತೊಂದರೆ ಕಡಿಮೆ.

ಪಿನ್ ಕೊಡುವ ಮುಂಚೆ ಸಂಪರ್ಕ ಕಡಿದರೆ ಚಿಂತೆಯಿಲ್ಲ, ಹಣ ಹೋಗಿರುವುದಿಲ್ಲ. ಪಿನ್ ಕೊಟ್ಟ ಮೇಲೆ ಕಡಿದರೆ ಮಾತ್ರ ತಕ್ಷಣ ಮತ್ತೆ ಕಳಿಸಬೇಡಿ. ಕಡಿದದ್ದು ಫೋನಿಗೂ ನೆಟ್‌ವರ್ಕ್‌ಗೂ ನಡುವಿನ ಮಾತುಕತೆ ಮಾತ್ರ. ಕೋರಿಕೆ ಅಷ್ಟರಲ್ಲಿ ಬ್ಯಾಂಕ್ ಮುಟ್ಟಿರಬಹುದು. ಸ್ವಲ್ಪ ಹೊತ್ತು ಬಿಟ್ಟು ಬ್ಯಾಲೆನ್ಸ್ ನೋಡಿ. ಮೊದಲು 2,100 ಇದ್ದದ್ದು ಈಗ 1,750 ಆಗಿದ್ದರೆ ಹಣ ಹೊರಟಿದೆ, ಪಡೆಯುವವರನ್ನು ಕೇಳಿ. ಅದಕ್ಕೇ ಕಳಿಸುವ ಮೊದಲೊಮ್ಮೆ ಬ್ಯಾಲೆನ್ಸ್ ನೋಡಿ ಅದೇ ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಅವರಿಗೆ ಸೇರದಿದ್ದರೆ ಮರುದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ 2019ರ ನಿಯಮ ಹೇಳುತ್ತದೆ. ದೂರು ಕೊಡಲು ಹೋಗುವಾಗ ತಾರೀಖು, ಸಮಯ, ಮೊತ್ತ ಬರೆದ ಆ ಚೀಟಿಯನ್ನೂ ಒಯ್ಯಿರಿ.